ದಿನಕ್ಕೆ ನೂರ ಹದಿನೆಂಟು ರೂಪಾಯಿ

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದವರು ನಾವು ನಾಲ್ವರು. ಸಂಬಳದ ಬಿಲ್ಲು ಬರೆಯುವ ನಾನು, ನಮ್ಮ ಸೂಪರಿಂಟೆಂಡೆಂಟರು, ಕಚೇರಿ ಗುಡಿಸಿ ನೀರಿಡುವ ಆಯಮ್ಮ, ಮತ್ತು ಶಿಡ್ಲಘಟ್ಟದ ನಮ್ಮ ಘಟಕದಿಂದ ವರ್ಗಾವಣೆ ಆದೇಶ ಕೈಯಲ್ಲಿ ಹಿಡಿದು ಬಂದಿದ್ದ ತಾಂತ್ರಿಕ ಸಹಾಯಕ. ಚಿಕ್ಕಬಳ್ಳಾಪುರದ ನಮ್ಮ ಕಚೇರಿ ರೇಷ್ಮೆಗೆ ಸಂಬಂಧಪಟ್ಟದ್ದು, ಕೇಂದ್ರ ಸರ್ಕಾರದ ನಿಯಮಗಳಿಗೆ ಒಳಪಟ್ಟದ್ದು. ಸುತ್ತಲಿನ ತಾಲ್ಲೂಕುಗಳ ಘಟಕಗಳಲ್ಲಿ ಕೆಲಸ ಮಾಡುವವರ ಸಂಬಳವೆಲ್ಲ ನನ್ನ ಮೇಜಿನ ಮೇಲೆ ಹುಟ್ಟಿ ಹೋಗುತ್ತಿತ್ತು. ನಾನು ಚಿಂತಾಮಣಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವನು. ಮೂವತ್ತು ವರ್ಷ ಅದೇ ದಾರಿ, ಅದೇ ಮೇಜು.

ಆದೇಶದಲ್ಲಿ ಇದ್ದದ್ದು ಅಸ್ಸಾಂ. ಅಲ್ಲೊಂದು ಮೂಗಾ ರೇಷ್ಮೆಯ ಕೇಂದ್ರ. ಆಯಮ್ಮ ಮುದ್ದೆ ಮುರಿಯುತ್ತ ಕೇಳಿದಳು, "ಅಸ್ಸಾಂ ಅಂದ್ರೆ ಎಷ್ಟು ದೂರ ಆಗ್ತದಪ್ಪ? ಕಾಶಿಗಿಂತ ಆಚೆಗಾ?"

"ಕಾಶಿಗೆ ಹೋದವರು ವಾಪಸ್ ಬರ್ತಾರೆ ಕಣಮ್ಮ" ಅಂದರು ಸೂಪರಿಂಟೆಂಡೆಂಟರು. "ಇವನ್ನ ಅಲ್ಲಿ ಜಿಗಣೆ ಬಿಡ್ಬೇಕಲ್ಲ."

ಅವನೂ ನಕ್ಕ. ನಲವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ನಕ್ಕರೆ ಮಾತ್ರ ಹುಡುಗನ ಹಾಗೆ ಕಾಣುತ್ತಿದ್ದ. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, "ಸಾರ್, ಅಲ್ಲಿ ಹೋದ್ರೆ ಏನೋ ಜಾಸ್ತಿ ಕೊಡ್ತಾರಂತಲ್ಲ. ಎಷ್ಟು ಬರ್ತದೆ?" ಅಂದ.

ಇಂಥ ಪ್ರಶ್ನೆ ಕೇಳಿದರೆ ನನಗೆ ಖುಷಿ. ತಟ್ಟೆ ಪಕ್ಕಕ್ಕಿಟ್ಟು ಹಳೆಯ ಲಕೋಟೆಯೊಂದರ ಹಿಂಭಾಗದಲ್ಲಿ ಬರೆದು ತೋರಿಸಿದೆ. ಈಶಾನ್ಯ ರಾಜ್ಯಗಳಿಗೆ ಹೋದವರಿಗೆ ವಿಶೇಷ ಕರ್ತವ್ಯ ಭತ್ಯೆ, ನಮ್ಮ ಬಾಯಲ್ಲಿ ಎಸ್‌ಡಿಎ. ಅದು ಮೂಲ ವೇತನದ ನೂರಕ್ಕೆ ಹತ್ತು. ಅವನ ಮೂಲ ವೇತನ ಮೂವತ್ತೈದು ಸಾವಿರದ ನಾನ್ನೂರು. ಅಂದರೆ ಮೂರು ಸಾವಿರದ ಐನೂರ ನಲವತ್ತು.

"ಡಿಎ ಸೇರಿಸಿ ಅದರ ಮೇಲೆ ಹತ್ತು ಪರ್ಸೆಂಟ್ ಅಲ್ವಾ ಸಾರ್?"

"ಇಲ್ಲಪ್ಪ. ಬರೀ ಬೇಸಿಕ್ ಮೇಲೆ. ಜುಲೈನಲ್ಲಿ ಇಂಕ್ರಿಮೆಂಟ್ ಬಂದು ಬೇಸಿಕ್ ಏರಿದ್ರೆ ಇದೂ ಏರ್ತದೆ. ಆದ್ರೆ ಇದು ಬೇಸಿಕ್ ಪಕ್ಕದಲ್ಲಿ ಕೂರೋ ದುಡ್ಡೇ ಹೊರತು ಬೇಸಿಕ್ ಒಳಗೆ ಸೇರೋದಲ್ಲ. ಇದರ ಮೇಲೆ ಡಿಎ ಇಲ್ಲ, ಮನೆ ಬಾಡಿಗೆ ಭತ್ಯೆ ಇಲ್ಲ, ನಾಳೆ ಗ್ರಾಚ್ಯುಟಿ ಲೆಕ್ಕಕ್ಕೂ ಬರಲ್ಲ. ಅಲ್ಲಿರೋ ತನಕ ಉಂಟು, ಈ ಕಡೆ ಬಂದ ದಿನ ಇಲ್ಲ."

"ದುರ್ಗಮ ಪ್ರದೇಶ ಅಂತ ಇನ್ನೊಂದು ಕೊಡ್ತಾರಲ್ಲ?" ಸೂಪರಿಂಟೆಂಡೆಂಟರು ಬಾಯಿ ಹಾಕಿದರು.

ಅದು ಬೇರೆ. ಊರೂರಿನ ಪಟ್ಟಿ ಮಾಡಿ, ಇಂಥ ಊರು ಇಷ್ಟು ಕಷ್ಟದ್ದು ಅಂತ ದರ್ಜೆ ಹಾಕಿ, ಅದಕ್ಕಿಷ್ಟು ಅಂತ ನಿಗದಿ ಮಾಡಿದ ಮೊತ್ತ. ಈಗಿನ ದರದಲ್ಲಿ ಅದನ್ನು ತೆಗೆದುಕೊಂಡರೆ ಎಸ್‌ಡಿಎ ಬಿಡಬೇಕು, ಎರಡೂ ಒಟ್ಟಿಗೆ ಇಲ್ಲ. ನಾನು ಪಟ್ಟಿ ತೆಗೆದು ನೋಡಿದೆ. ಅವನು ಹೋಗುವ ಊರು ಅದರಲ್ಲಿ ಇರಲೇ ಇಲ್ಲ. ಆಯ್ಕೆಯ ಪ್ರಶ್ನೆಯೇ ಬರಲಿಲ್ಲ.

"ಅಲ್ಲಿ ಮಳೆ ಹಿಡಿದ್ರೆ ಎಂಟು ದಿನ ರಸ್ತೆ ಇರಲ್ಲವಂತೆ ಸಾರ್. ಅದು ದುರ್ಗಮ ಅಲ್ಲವಾ?"

"ಪಟ್ಟಿ ಮಾಡಿದೋರು ಬೇಸಿಗೇಲಿ ಹೋಗಿರಬೇಕು ಬಿಡು" ಅಂದೆ. ಎಲ್ಲರೂ ನಕ್ಕರು.

ಅವನು ಮಾತ್ರ ಲಕೋಟೆಯನ್ನೇ ನೋಡುತ್ತಿದ್ದ. ಆಮೇಲೆ ಮಡಿಸಿ ಜೇಬಿನಲ್ಲಿಟ್ಟುಕೊಂಡು, "ಮೂರೂವರೆ ಸಾವಿರ. ಅಕ್ಕನ ಮಿಷನ್ನಿಗೆ ಸರಿಹೋಯ್ತು" ಅಂದ.

ಅವನ ಅಕ್ಕನನ್ನು ನಾನು ಅದಾದ ಎರಡು ವಾರಕ್ಕೆ ನೋಡಿದೆ. ಅವನು ಹೊರಡುವ ಮೊದಲು ಕೊನೆಯ ವೇತನ ಪತ್ರಕ್ಕೆ ಸಹಿ ಬೇಕಿತ್ತು. ನನಗೆ ಶಿಡ್ಲಘಟ್ಟದಲ್ಲಿ ಬೇರೊಂದು ಕೆಲಸವಿತ್ತು, ನಾನೇ ಹೋದೆ. ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ. ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯ ಮನೆಗಳು ಸಾಲಾಗಿ, ಗೂಡು ಬೇಯುವ ನೀರಿನ ಹಬೆ ಬೀದಿಗೇ ಬರುತ್ತಿತ್ತು. ಸತ್ತ ಹುಳುವಿನ ಆ ವಾಸನೆ ಹೊಸಬರಿಗೆ ಹೊಟ್ಟೆ ತೊಳಸುತ್ತದೆ, ಅಲ್ಲಿಯವರಿಗೆ ಗೊತ್ತೇ ಆಗುವುದಿಲ್ಲ. ಆಕೆ ಆ ಹಬೆಯಲ್ಲಿ ಇಪ್ಪತ್ತೈದು ವರ್ಷ ಕೂತವಳು. ಕುದಿಯುವ ನೀರಿಗೆ ಬೆರಳಿಟ್ಟು ಎಳೆ ಹುಡುಕಿ ತೆಗೆದು ತೆಗೆದು ಬೆರಳ ತುದಿಗಳು ಬಿಳಿಚಿ, ಚರ್ಮ ಸುಲಿದು, ಗುರುತೇ ಸಿಗದ ಹಾಗಾಗಿದ್ದವು. ತಾಯಿ ಇಲ್ಲದ ತಮ್ಮನನ್ನು ಡಿಪ್ಲೊಮಾ ಓದಿಸಿದ್ದು ಆ ಕೂಲಿಯೇ. ಗಂಡ ಇಲ್ಲ, ಇದ್ದೊಬ್ಬ ಮಗಳನ್ನು ಗೌರಿಬಿದನೂರಿಗೆ ಕೊಟ್ಟಿದ್ದಳು.

ಈಗ ಆಕೆಯ ಶ್ವಾಸಕೋಶ ಕೈಕೊಟ್ಟಿತ್ತು. ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಂಡು ದಿನಕ್ಕೆ ಹದಿನೈದು ಹದಿನಾರು ಗಂಟೆ ಮೂಗಿಗೆ ನಳಿಕೆ ಹಾಕಿಕೊಂಡಿರಬೇಕು ಅಂತ ಡಾಕ್ಟರು ಹೇಳಿದ್ದರು. ಕೊಳ್ಳುವ ಶಕ್ತಿ ಇಲ್ಲ. ಚಿಕ್ಕಬಳ್ಳಾಪುರದ ಅಂಗಡಿಯೊಂದರಿಂದ ಬಾಡಿಗೆಗೆ ತಂದಿದ್ದರು, ತಿಂಗಳಿಗೆ ಮೂರೂವರೆ ಸಾವಿರ. ಅವನ ಸಂಬಳ ಹೆಂಡತಿ, ಇಬ್ಬರು ಮಕ್ಕಳು, ಅವರ ಶಾಲೆ ಅಂತ ಮೊದಲೇ ಹಂಚಿಹೋಗಿತ್ತು. ಇನ್ನು ಮುಂದೆ ಎರಡು ಕಡೆ ಒಲೆ ಹಚ್ಚಬೇಕು. ಗಂಡ ಹೆಂಡತಿ ಕೂತು ಒಂದು ತೀರ್ಮಾನಕ್ಕೆ ಬಂದಿದ್ದರು. ಸಂಬಳ ಮನೆಗೆ, ಅಸ್ಸಾಮಿನ ದುಡ್ಡು ಅಕ್ಕನಿಗೆ. ಜಗಳವಿಲ್ಲದ ಒಪ್ಪಂದ.

ಆಕೆ ನನಗೆ ಕಾಫಿ ಕೊಡಿಸಿ, ಉಸಿರು ತೆಗೆದುಕೊಳ್ಳಲು ನಡುನಡುವೆ ನಿಲ್ಲಿಸುತ್ತ ಹೇಳಿದಳು, "ನನಗೋಸ್ಕರ ಅಷ್ಟು ದೂರ ಹೋಗ್ತಾ ಇದಾನೆ ಸಾರ್ ಇವ್ನು. ಬೇಡ ಕಣೋ ಅಂದ್ರೆ ಕೇಳಲ್ಲ."

"ನಿನಗೋಸ್ಕರ ಅಲ್ಲಕ್ಕ, ಆರ್ಡರ್ ಬಂದೈತೆ" ಅಂದ ಅವನು. "ಹೋಗ್ದೆ ಇದ್ರೆ ಕೆಲ್ಸಾನೇ ಇರಲ್ಲ."

"ಸುಳ್ಳು ಹೇಳ್ಬೇಡ ಕಣೋ. ಬೇರೆಯೋರೆಲ್ಲ ಬೆಂಗ್ಳೂರಿಗೆ ಹೋಗಿ ಕಾಲು ಹಿಡ್ಕೊಂಡು ಕ್ಯಾನ್ಸಲ್ ಮಾಡ್ಸಿದ್ರಂತೆ. ನೀನು ಹೋಗ್ಲೇ ಇಲ್ವಂತೆ."

ಅವನು ಎದ್ದು ಅವಳ ನಳಿಕೆ ಸರಿಮಾಡಿದ. ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು, ಯಾರೋ ಪಕ್ಕದಲ್ಲಿ ಮಲಗಿ ಒಂದೇ ಸಮನೆ ಉಸಿರು ಬಿಡುತ್ತಿರುವ ಹಾಗೆ.

ಅಕ್ಟೋಬರಿನಲ್ಲಿ ಹೋದ. ಅಲ್ಲಿಂದ ಮುಂದೆ ಅವನ ಸಂಬಳ ಅಲ್ಲಿನ ಕಚೇರಿಯದ್ದು, ನನ್ನದಲ್ಲ. ಆದರೂ ತಿಂಗಳ ಕೊನೆಗೆ ಫೋನು ಮಾಡುತ್ತಿದ್ದ. "ಸಾರ್, ಬಂತು. ಮೂರು ಐದು ನಾಲ್ಕು ಸೊನ್ನೆ. ಕಳಿಸ್ದೆ." ಅಲ್ಲಿನ ಬಿಲ್ಲಿನ ಗುಮಾಸ್ತ ಹಿಂದಿ ಮಾತಾಡುವವನು, ಇವನಿಗೆ ಹಿಂದಿ ಅಷ್ಟಕ್ಕಷ್ಟೆ. ನಿಯಮ ಏನು ಕೇಳಬೇಕಾದರೂ ನನಗೇ ಕೇಳುತ್ತಿದ್ದ. ನಾನೂ ಹೇಳುತ್ತಿದ್ದೆ. ನನಗೆ ಗೊತ್ತಿಲ್ಲ ಅನ್ನುವ ಮಾತು ಆ ವಯಸ್ಸಿಗೆ ನನ್ನ ಬಾಯಿಂದ ಬರುತ್ತಿರಲಿಲ್ಲ.

ಇಲ್ಲಿ ನಾನು ನನ್ನ ಕಲಿಕೆಯ ಬಗ್ಗೆ ಒಂದು ಮಾತು ಹೇಳಬೇಕು. ನನಗೆ ಭಾಷೆ ಬಂದದ್ದು ನಮ್ಮಜ್ಜಿಯ, ದೊಡ್ಡಪ್ಪಂದಿರ ಬಾಯಿಂದ. ಕಚೇರಿಯ ನಿಯಮಗಳೂ ಹಾಗೇ ಬಂದವು. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಗುಮಾಸ್ತರೊಬ್ಬರು ಇದ್ದರು. ಕನ್ನಡಕ ಹಣೆಗೇರಿಸಿ, ನಶ್ಯ ಏರಿಸಿ, ಒಂದೊಂದು ನಿಯಮಕ್ಕೂ ಒಂದೊಂದು ಕಥೆ ಹೇಳಿ ಕಲಿಸಿದರು. ಸುತ್ತೋಲೆ ಓದಿದರೆ ಮರೆತು ಹೋಗುತ್ತಿತ್ತು, ಅವರ ಕಥೆ ಮರೆಯುತ್ತಿರಲಿಲ್ಲ. ಈಶಾನ್ಯಕ್ಕೆ ಹೋದವರ ರಜೆಯ ಬಗ್ಗೆ ಅವರು ಹೇಳಿದ ಕಥೆ ಇದು: ಒಬ್ಬ ಮಣಿಪುರದಿಂದ ರಜೆಗೆ ಬಂದವನು ಹದಿನೈದು ದಿನ ದಾಟಿಸಿ ಕೂತ, ಇಡೀ ತಿಂಗಳ ಎಸ್‌ಡಿಎ ಗುಡಿಸಿಹೋಯಿತು, ಅವನು ಕಚೇರಿಯ ಬಾಗಿಲಲ್ಲಿ ಕೂತು ಅತ್ತ. ಅಷ್ಟೇ ನನಗೆ ಗೊತ್ತಿದ್ದ ನಿಯಮ.

ಮಾರ್ಚಿ ಕೊನೆಗೆ ಅಕ್ಕನಿಗೆ ಜ್ವರ ಬಂದು ಉಸಿರು ಕಟ್ಟಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದರು. ಮಗಳು ಗೌರಿಬಿದನೂರಿನಿಂದ ಬಂದು ಹಾಸಿಗೆಯ ಪಕ್ಕ ಕೂತಳು. ಅವನು ಏಪ್ರಿಲ್ ಒಂದರಿಂದ ಹದಿನೈದು ದಿನ ಗಳಿಕೆ ರಜೆ ಹಾಕಿ ಹೊರಟ. ವಿಮಾನದ ಮಾತು ದೂರ. ರೈಲಿನಲ್ಲಿ ಬರಲು ಮೂರು ದಿನ, ಹೋಗಲು ಮೂರು ದಿನ, ನಡುವೆ ಉಳಿದದ್ದು ಒಂಬತ್ತು. ಆ ಒಂಬತ್ತು ದಿನವೂ ಅವನು ಆಸ್ಪತ್ರೆಯ ಹಜಾರದಲ್ಲೇ ಇದ್ದ. ಮಧ್ಯಾಹ್ನ ನಾನು ನನ್ನ ಬುತ್ತಿಯನ್ನು ಅಲ್ಲಿಗೇ ಒಯ್ದು ಅವನ ಜೊತೆ ಹಂಚಿಕೊಳ್ಳುತ್ತಿದ್ದೆ. ಆಕೆ ಚೇತರಿಸಿಕೊಳ್ಳುತ್ತಿದ್ದಳು. ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು.

ಹನ್ನೆರಡನೆಯ ತಾರೀಖು ಶುಕ್ರವಾರ. ಅವತ್ತು ಸಂಜೆ ಅವನ ರೈಲು. ಬೆಳಿಗ್ಗೆ ಹತ್ತೂವರೆಗೆ ನನ್ನ ಮೇಜಿನ ಮುಂದೆ ಬಂದು ನಿಂತ.

"ಸಾರ್, ಸೋಮವಾರ ಮನೆಗೆ ಕಳಿಸ್ತಾರಂತೆ ಅಕ್ಕನ್ನ. ನೀನೇ ಕರ್ಕೊಂಡು ಹೋಗಿ ಬಿಟ್ಟು ಆಮೇಲೆ ಹೋಗೋ ಅಂತಾಳೆ. ಚಿಕ್ಕ ಮಗು ಥರ ಕೈ ಹಿಡ್ಕೊಂಡವ್ಳೆ. ಇನ್ನು ಮೂರು ದಿನ ರಜೆ ಮುಂದುವರಿಸಿದ್ರೆ ಏನಾಗ್ತದೆ? ರಜೆ ಬೇಕಾದಷ್ಟು ಐತೆ. ಅಲ್ಲಿನ ಸಾಹೇಬ್ರೂ ಆಗ್ಲಿ ಅಂದ್ರು."

"ರಜೆ ಇದ್ರೂ ಹದಿನೈದು ದಾಟ್ತದಲ್ಲಪ್ಪ. ಎಸ್‌ಡಿಎ ಹೋಗ್ತದೆ."

"ಆ ಮೂರು ದಿನದ್ದಾ?"

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಅದೇ ನಿಯಮ. ನನ್ನ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವ ಕಪಾಟಿನಲ್ಲಿ ಆ ಸುತ್ತೋಲೆಯ ಕಡತ ಇತ್ತು. ನಾನು ಕುರ್ಚಿ ತಿರುಗಿಸಲಿಲ್ಲ.

"ಮೂರು ದಿನದ್ದಲ್ಲ, ಇಡೀ ತಿಂಗಳದ್ದು" ಅಂದೆ. "ಹದಿನೈದು ದಾಟಿತೋ, ಮೂರೂವರೆ ಸಾವಿರವೂ ಹೋಯ್ತು ಅಂದ್ಕೋ." ಮಣಿಪುರದವನ ಕಥೆಯನ್ನೂ ಹೇಳಿದೆ, ಬಾಗಿಲಲ್ಲಿ ಕೂತು ಅತ್ತದ್ದನ್ನೂ ಬಿಡದೆ.

ಅವನು ಬೆರಳು ಮಡಿಸಿ ಎಣಿಸಿದ. "ಹಂಗಾದ್ರೆ ಮೇ ತಿಂಗಳು ಮಿಷನ್ನಿಗೆ ಇಲ್ಲ" ಅಂದ.

ಆಯಮ್ಮ ಅಲ್ಲೇ ನೀರಿನ ಹೂಜಿ ಇಡುತ್ತಿದ್ದವಳು, "ಒಂದ್ ತಿಂಗ್ಳು ಅಂಗ್ಡಿಯೋನು ಕಾಯಲ್ವೇನಪ್ಪ? ಇದ್ದು ಹೋಗು, ನಿಮ್ಮಕ್ಕ ಅಷ್ಟು ಕೇಳ್ತಾ ಇದಾಳೆ" ಅಂದಳು.

"ಕಾಯಲ್ಲ ಕಣಮ್ಮ. ಫೆಬ್ರವರೀಲಿ ನಾಲ್ಕು ದಿನ ತಡ ಆಗಿದ್ದಕ್ಕೆ ಆಟೋ ತಗೊಂಡು ಬಂದು ಬಾಗ್ಲಲ್ಲಿ ನಿಂತಿದ್ದ." ಆಮೇಲೆ ನನ್ನನ್ನು ನೋಡಿ, "ಹೋಗ್ತೀನಿ ಸಾರ್. ಮಿಷನ್ ಇದ್ರೆ ಅಕ್ಕ ಇರ್ತಾಳೆ. ನಾನು ಇದ್ದು ಏನು ಮಾಡ್ಲಿ" ಅಂದ.

ನಾನು ಅವನ ಬೆನ್ನು ತಟ್ಟಿದೆ. ಬುದ್ಧಿವಂತ ಅಂದೆ. ಆ ಮಾತು ಈಗ ನೆನೆದರೆ ನನ್ನ ಕೈ ನನಗೇ ಬೇಡವಾಗುತ್ತದೆ.

ಭಾನುವಾರ ಬೆಳಗಿನ ಜಾವ ಆಕೆಯ ಎದೆ ಮತ್ತೆ ಕಟ್ಟಿತು. ಬೆಳಕು ಹರಿಯುವಷ್ಟರಲ್ಲಿ ಮುಗಿಯಿತು. ಮಗಳು ಫೋನು ಮಾಡಿದಾಗ ಅವನ ರೈಲು ಒಡಿಶಾ ದಾಟುತ್ತಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದ. ಕಾಯ್ದಿರಿಸದ ಡಬ್ಬಿಯಲ್ಲಿ, ಬಾಗಿಲ ಹತ್ತಿರ ನಿಂತು, ಬಂದ ದಾರಿಯನ್ನೇ ವಾಪಸ್ ಹಿಡಿದ. ಏಪ್ರಿಲ್ಲಿನ ಬಿಸಿಲು. ಊರಿನ ಹಿರಿಯರು ಸಂಜೆಯವರೆಗೆ ನೋಡಿದರು, ಆಮೇಲೆ ಇನ್ನು ಇಡಲಾಗದು ಅಂದರು. ನಾನೂ ಆ ಮಣ್ಣಿಗೆ ಹೋಗಿದ್ದೆ. ಆಕೆಯ ಕೈಗಳನ್ನು ಯಾರೋ ಎದೆಯ ಮೇಲೆ ಜೋಡಿಸಿದ್ದರು. ಆ ಬಿಳಿಚಿದ ಬೆರಳುಗಳನ್ನು ನೋಡಲಾಗದೆ ನಾನು ಹಿಂದೆ ಹೋಗಿ ನಿಂತೆ.

ಅವನು ಬಂದದ್ದು ಸೋಮವಾರ ಸಂಜೆ. ಅಕ್ಕನನ್ನು ಮನೆಗೆ ಕಳಿಸಬೇಕಿದ್ದ ದಿನ. ಬಂದವನು ಮೊದಲು ಒಳಗೆ ಹೋಗಿ, ಮೂಲೆಯಲ್ಲಿದ್ದ ಯಂತ್ರದ ಮೇಲಿನ ಬಟ್ಟೆ ತೆಗೆದು, ಮತ್ತೆ ಹೊದಿಸಿದ. ನನ್ನನ್ನು ನೋಡಿ, "ಊಟ ಆಯ್ತಾ ಸಾರ್?" ಅಂತ ಕೇಳಿದ. ನನಗೆ ಬೇರೆ ಏನಾದರೂ ಕೇಳಿದ್ದರೆ ಚೆನ್ನಾಗಿತ್ತು.

ಹನ್ನೊಂದನೆಯ ದಿನ ಮುಗಿಸಿಕೊಂಡು ಹೊರಟ. ಮೂರು ದಿನದ ರೈಲು. ಇಪ್ಪತ್ತೆಂಟು ಭಾನುವಾರ, ಆದರೆ ಹುಳುವಿಗೆ ರಜೆಯಿಲ್ಲ, ಅವತ್ತೇ ಹೋಗಿ ಕೆಲಸಕ್ಕೆ ಹಾಜರಾದ. ಒಟ್ಟು ಇಪ್ಪತ್ತೇಳು ದಿನದ ರಜೆ.

ಮೇ ತಿಂಗಳ ಮೊದಲ ವಾರ ನನ್ನ ಫೋನಿಗೆ ಒಂದು ಚಿತ್ರ ಬಂತು. ಅವನ ಏಪ್ರಿಲ್ ತಿಂಗಳ ವೇತನ ಚೀಟಿ. ಕೆಳಗೆ ಒಂದು ಮಾತೂ ಇರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಮೂಲ ವೇತನ ಪೂರ್ತಿ. ತುಟ್ಟಿಭತ್ಯೆ ಪೂರ್ತಿ. ಎಸ್‌ಡಿಎ ಎದುರಿಗೆ ಎರಡು ಸಾವಿರದ ನೂರ ಇಪ್ಪತ್ತನಾಲ್ಕು.

ಸೊನ್ನೆ ಇರಬೇಕಿತ್ತು, ನನ್ನ ನಿಯಮದ ಪ್ರಕಾರ. ನಾನು ಅಲ್ಲಿನ ಗುಮಾಸ್ತ ತಪ್ಪು ಮಾಡಿದ್ದಾನೆ ಅಂದುಕೊಂಡೆ. ನಿಜ ಹೇಳುತ್ತೇನೆ, ಆ ಕ್ಷಣದಲ್ಲೂ ಹಾಗೇ ಅಂದುಕೊಂಡೆ. ಆಮೇಲೆ ಕುರ್ಚಿ ತಿರುಗಿಸಿದೆ.

ಕಡತದ ದಾರ ಬಿಚ್ಚಲು ಎರಡು ನಿಮಿಷ ಹಿಡಿಯಿತು. ಓದಲು ಅರ್ಧ ನಿಮಿಷವೂ ಬೇಡ. ಒಮ್ಮೆಗೆ ಹದಿನೈದು ದಿನಕ್ಕೆ ಮೀರಿದ, ವರ್ಷಕ್ಕೆ ಮೂವತ್ತು ದಿನಕ್ಕೆ ಮೀರಿದ ರಜೆಯ ಅವಧಿಗೆ ಈ ಭತ್ಯೆ ಇಲ್ಲ. ಮೀರಿದ ಅವಧಿಗೆ. ಮೊದಲ ಹದಿನೈದು ದಿನಕ್ಕೆ ಉಂಟು, ಕೆಲಸ ಮಾಡಿದ ದಿನಗಳಿಗೆ ಉಂಟು. ಮೂರು ಸಾವಿರದ ಐನೂರ ನಲವತ್ತನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ ನೂರ ಹದಿನೆಂಟು. ರಜೆಯ ಮೊದಲ ಹದಿನೈದು, ಹಾಜರಾದ ಮೂರು, ಒಟ್ಟು ಹದಿನೆಂಟು ದಿನದ್ದು ಕೊಟ್ಟಿದ್ದರು. ಪೈಸೆ ತಪ್ಪಿರಲಿಲ್ಲ.

ಅದೇ ಕಡತದ ಹಿಂದಿನ ಹಾಳೆಗಳಲ್ಲಿ ಮಣಿಪುರದವನ ಟಿಪ್ಪಣಿಯೂ ಸಿಕ್ಕಿತು. ಅವನು ಆ ವರ್ಷದ ಮೂವತ್ತು ದಿನವನ್ನು ಮೊದಲೇ ತೀರಿಸಿಕೊಂಡು, ಮೇಲೆ ಒಂದು ಪೂರ್ತಿ ತಿಂಗಳು ರಜೆ ಹಾಕಿದ್ದವನು. ಅದಕ್ಕೇ ಅವನ ತಿಂಗಳು ಪೂರ್ತಿ ಹೋಗಿದ್ದು. ನಮ್ಮ ಹಿರಿಯರು ಅಷ್ಟನ್ನು ಬಿಟ್ಟು ಉಳಿದದ್ದನ್ನು ಚೆನ್ನಾಗಿ ಹೇಳಿದ್ದರು. ನಾನೂ ಚೆನ್ನಾಗಿ ಹೇಳಿದ್ದೆ.

ಸಂಜೆಯ ತನಕ ಕಾದು ಫೋನು ಮಾಡಿದೆ.

"ನೋಡಿದ್ರಾ ಸಾರ್?" ಅಂದ.

"ನೋಡ್ದೆ."

"ದಿನಕ್ಕೆ ನೂರ ಹದಿನೆಂಟಾ ಸಾರ್?"

"ಹೂಂ."

"ಸೋಮವಾರದ ತನಕ ಇದ್ದಿದ್ರೆ ಮುನ್ನೂರ ಐವತ್ತನಾಲ್ಕು ಹೋಗ್ತಿತ್ತು."

"ತಪ್ಪಾಯ್ತಪ್ಪ" ಅಂದೆ. "ನಾನು ಕಡತ ತೆಗೀಲಿಲ್ಲ."

ಆ ಕಡೆ ಮಳೆ ಸುರಿಯುತ್ತಿತ್ತು, ತಗಡಿನ ಮೇಲೆ ಬೀಳುವ ಸದ್ದು ಕೇಳುತ್ತಿತ್ತು. ಅವನು ಹೇಳಿದ, "ನೀವು ಅಷ್ಟು ಗ್ಯಾರಂಟಿಯಾಗಿ ಹೇಳಿದ್ರಲ್ಲ ಸಾರ್." ದನಿ ಏರಿರಲಿಲ್ಲ. "ಗೊತ್ತಿಲ್ಲ ಅಂದಿದ್ರೆ ನಾನು ಇದ್ದುಬಿಡ್ತಿದ್ದೆ." ಆಮೇಲೆ ಫೋನು ಇಟ್ಟ.

ಅಲ್ಲಿಂದ ಮುಂದೆ ತಿಂಗಳ ಕೊನೆಯ ಫೋನು ನಿಂತಿತು. ಯಂತ್ರವನ್ನು ಆಕೆಯ ಮಗಳೇ ಅಂಗಡಿಗೆ ವಾಪಸ್ ಕೊಟ್ಟಳಂತೆ. ಎಸ್‌ಡಿಎ ಮಾತ್ರ ತಿಂಗಳು ತಿಂಗಳು ಅವನ ಸಂಬಳದ ಪಕ್ಕದಲ್ಲಿ ಬರುತ್ತಲೇ ಇದ್ದಿರಬೇಕು, ಜುಲೈನಲ್ಲಿ ಸ್ವಲ್ಪ ಏರಿ. ಅದನ್ನು ಏನು ಮಾಡಿದ ಅಂತ ನಾನು ಕೇಳಲಿಲ್ಲ. ಅವನು ಹೇಳಲಿಲ್ಲ.

ಎರಡು ವರ್ಷದ ಅವಧಿ ಮುಗಿಸಿದವರಿಗೆ ಬೇಕಾದ ಊರು ಕೇಳುವ ಅವಕಾಶ ಉಂಟು. ಅವನು ಶಿಡ್ಲಘಟ್ಟ ಕೇಳಲಿಲ್ಲ, ನಮ್ಮ ಚಿಕ್ಕಬಳ್ಳಾಪುರದ ಕಚೇರಿಯನ್ನೇ ಕೇಳಿದ. ಬಂದ ಮೇಲಿನ ಮೊದಲ ಬಿಲ್ಲು ಬರೆದವನು ನಾನೇ. ಎಸ್‌ಡಿಎ ಸಾಲಿನಲ್ಲಿ ಸೊನ್ನೆ ಹಾಕಿದೆ. ಎದುರುಬದುರು ಮೇಜು. ಊಟಕ್ಕೆ ಜೊತೆಯಲ್ಲೇ ಕೂರುತ್ತಿದ್ದೆವು. ಮಳೆ, ಬಸ್ಸು, ಗೂಡಿನ ಬೆಲೆ ಮಾತಾಡುತ್ತಿದ್ದೆವು. ಉಪ್ಪಿನಕಾಯಿ ದಾಟಿಸುತ್ತಿದ್ದ.

ನಾನು ನಿವೃತ್ತನಾಗುವುದಕ್ಕೆ ಎರಡು ತಿಂಗಳ ಮೊದಲು, ಗೌರಿಬಿದನೂರಿನ ಘಟಕದ ಒಬ್ಬ ಹುಡುಗಿ ಮೇಘಾಲಯದ ಆದೇಶ ಹಿಡಿದು ನನ್ನ ಮೇಜಿಗೆ ಬಂದಳು. ತಂದೆಗೆ ಹುಷಾರಿಲ್ಲ, ಮಧ್ಯೆ ಬರಬೇಕಾದರೆ ರಜೆ ಹೇಗೆ, ಭತ್ಯೆ ಹೋಗುತ್ತದಾ ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲು ಅವನು ಎದ್ದು ಬಂದ. ನನ್ನ ಬೆನ್ನ ಹಿಂದಿನ ಕಪಾಟಿನಿಂದ ಕಡತ ತೆಗೆದು, ದಾರ ಬಿಚ್ಚಿ, ಹಾಳೆ ಹುಡುಕಿ, ಅವಳ ಮುಂದೆ ಇಟ್ಟು, ಬೆರಳಿಟ್ಟು ಸಾಲು ತೋರಿಸಿದ. ಅವಳು ಓದಿ ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದ. ಆಮೇಲೆ ದಾರ ಕಟ್ಟಿ, ಕಡತವನ್ನು ಅದರ ಜಾಗದಲ್ಲಿಟ್ಟು, ಮೂರೂವರೆಯ ಶಿಡ್ಲಘಟ್ಟದ ಬಸ್ಸಿಗೆ ಹೋಗುತ್ತೇನೆ ಅಂತ ಸೂಪರಿಂಟೆಂಡೆಂಟರಿಗೆ ಹೇಳಿ ಹೊರಟ. ಅವತ್ತು ಅವನ ಅಕ್ಕನ ತಿಥಿ ಇತ್ತು.